ಪಾಡ್‌ಕಾಸ್ಟ್ ಮಾತಿಗೆ ಚಿತ್ರ ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ನಾವು ಮೂವರು ಗೆಳೆಯರು ಕುಮಟಾದಿಂದ ಒಂದು ಕನ್ನಡ ಪಾಡ್‌ಕಾಸ್ಟ್ ಮಾಡ್ತೇವೆ. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಒಬ್ಬ ಅಜ್ಜನ ಜೊತೆ 54 ನಿಮಿಷ ಮಾತಾಡಿದ್ದೆವು. ಜನರಿಗೆ ತುಂಬಾ ಇಷ್ಟ ಆಯಿತು. ಈಗ ಅದನ್ನೇ 8 ನಿಮಿಷದ ವಿಡಿಯೋ ಮಾಡಬೇಕು ಅಂತ ಆಸೆ. ಆದರೆ ಅವತ್ತು ಕ್ಯಾಮೆರಾ ಇರಲಿಲ್ಲ, ಆಡಿಯೋ ಮಾತ್ರ ಇದೆ. ಸುಮಾರು 5,200 ಪದಗಳ ಟ್ರಾನ್ಸ್‌ಕ್ರಿಪ್ಟ್ ಇದೆ. ಸ್ಕ್ರಿಪ್ಟ್ ಹೇಗೆ ಬರೆಯೋದು? ಪ್ರತಿ ಮಾತಿಗೂ ಒಂದೊಂದು ಚಿತ್ರ ಹುಡುಕಬೇಕಾ?

ಉತ್ತರ: ಬೇಡ. ಹಾಗೆ ಹುಡುಕಲು ಹೊರಟರೆ ಅಜ್ಜನ ಮಾತು ಸಾಯುತ್ತದೆ. ಅವರು "ನೀರು" ಅಂದಾಗ ನೀರು, "ಭತ್ತ" ಅಂದಾಗ ಭತ್ತ, "ಏಡಿ" ಅಂದಾಗ ಏಡಿ ತೋರಿಸಿದರೆ ಮಕ್ಕಳ ಚಿತ್ರಪಟದ ಹಾಗಾಗುತ್ತದೆ. ನೋಡುವವರಿಗೆ ನೀರು ಅಂದರೆ ಏನು ಅಂತ ಗೊತ್ತಿದೆ. ಗಜನಿಯ ಏರಿಗೆ ಇಟ್ಟ ಹಲಗೆ ಬಾಗಿಲಿನ ಸಂದಿಯಿಂದ ಉಪ್ಪುನೀರು ಹೇಗೆ ನುಗ್ಗುತ್ತದೆ ಅನ್ನೋದು ಗೊತ್ತಿಲ್ಲ. ಚಿತ್ರ ಬೇಕಾದದ್ದು ಅಲ್ಲಿ. ನಿಮ್ಮ 5,200 ಪದಗಳಲ್ಲಿ ಅಂಥ ಜಾಗ ಹತ್ತೋ ಹನ್ನೆರಡೋ ಸಿಗಬಹುದು. ಅವುಗಳನ್ನು ಹುಡುಕುವುದೇ ಸ್ಕ್ರಿಪ್ಟಿನ ಅರ್ಧ ಕೆಲಸ.

ಟ್ರಾನ್ಸ್‌ಕ್ರಿಪ್ಟನ್ನು ಮಾತ್ರ ಮುಂದಿಟ್ಟುಕೊಂಡು ಕೂರಬೇಡಿ. ಅದರಲ್ಲಿ ಮಾತಿದೆ, ಮೌನ ಇಲ್ಲ. ಇಯರ್‌ಫೋನ್ ಹಾಕಿ, ಪ್ರಿಂಟ್ ತೆಗೆದ ಹಾಳೆ ಕೈಯಲ್ಲಿ ಹಿಡಿದು, ಪೂರ್ತಿ 54 ನಿಮಿಷ ಒಮ್ಮೆ ಕೇಳಿ. ಅಜ್ಜ ತಡೆದ ಕಡೆ ಪೆನ್ಸಿಲಿನಿಂದ ಒಂದು ಗೆರೆ ಹಾಕಿ. ಉಸಿರು ಎಳೆದುಕೊಂಡ ಕಡೆ, ನಕ್ಕ ಕಡೆ, ದನಿ ಇಳಿದ ಕಡೆ ಗುರುತು ಹಾಕಿ. "ಇಲ್ಲಿ", "ಹಿಂಗೆ", "ಇಷ್ಟು" ಅನ್ನುವ ಮಾತು ಬಂದಲ್ಲೆಲ್ಲ ಒಂದು ಸುತ್ತು ಹಾಕಿ. ಆಗ ಅವರ ಕೈ ಏನನ್ನೋ ತೋರಿಸುತ್ತಿತ್ತು. ಆಡಿಯೋ ಕೇಳಿದವರಿಗೆ ಆ ಕೈ ಕಾಣಲಿಲ್ಲ. ಪಾಡ್‌ಕಾಸ್ಟಿನಲ್ಲಿ ಅವು ಖಾಲಿ ಉಳಿದ ಜಾಗಗಳು. ವಿಡಿಯೋದಲ್ಲಿ ಅವೇ ಮೊದಲು ತುಂಬಬೇಕಾದ ಜಾಗಗಳು.

ಟ್ರಾನ್ಸ್‌ಕ್ರಿಪ್ಟಿನಲ್ಲಿ ಸಮಯ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಓದುವ ಎಸ್‌ಆರ್‌ಟಿ ಫೈಲ್ ಇದ್ದರೆ ಸಾಕು. ಅದು ಹೀಗಿರುತ್ತದೆ:

```
412
00:31:07,200 --> 00:31:12,900
ಆ ವರ್ಷ ನೀರು ಇಲ್ಲಿವರೆಗೆ ಬಂತು ನೋಡಿ.
```

ಈ ಸಂಖ್ಯೆ ಇಲ್ಲದೆ ಎಡಿಟ್‌ಗೆ ಕೂತರೆ ಒಂದು ಸಾಲು ಹುಡುಕಲು ಹತ್ತು ನಿಮಿಷ ಹೋಗುತ್ತದೆ. ಹಾಳೆಯ ಮೇಲೆ ಗೆರೆ ಹಾಕುವಾಗಲೂ ಪಕ್ಕದಲ್ಲಿ ನಿಮಿಷ, ಸೆಕೆಂಡ್ ಬರೆದುಕೊಳ್ಳಿ.

ಈಗ ಎಷ್ಟು ಉಳಿಸಬೇಕು ಅನ್ನುವ ಲೆಕ್ಕ. 54 ನಿಮಿಷಕ್ಕೆ 5,200 ಪದ ಅಂದರೆ ನಿಮಿಷಕ್ಕೆ ಸುಮಾರು 96. ಅದರಲ್ಲಿ ನಿಮ್ಮ ಪ್ರಶ್ನೆಗಳೂ ಸೇರಿವೆ. 8 ನಿಮಿಷಕ್ಕೆ 770 ಪದ ಹಿಡಿಯುತ್ತದೆ ಅಂತ ಅನ್ನಿಸುತ್ತದೆ. ಆದರೆ 8 ನಿಮಿಷವೂ ಯಾರೋ ಮಾತಾಡುತ್ತಲೇ ಇದ್ದರೆ ಅದು ಚಿತ್ರ ಅಂಟಿಸಿದ ಪಾಡ್‌ಕಾಸ್ಟ್ ಅಷ್ಟೇ. ಒಂದೂವರೆ ನಿಮಿಷವನ್ನು ನೀರಿಗೆ, ಗಾಳಿಗೆ, ಹಕ್ಕಿಗೆ, ಅಜ್ಜನ ಮೌನಕ್ಕೆ ಬಿಡಿ. ಉಳಿದ ಆರೂವರೆ ನಿಮಿಷಕ್ಕೆ ಸುಮಾರು 620 ಪದ. ಹತ್ತರಲ್ಲಿ ಒಂಬತ್ತು ಪಾಲಿಗೆ ಹತ್ತಿರ ಹತ್ತಿರ ಬಿಟ್ಟುಬಿಡಬೇಕು. ಬೇಸರ ಆಗುತ್ತದೆ, ನಿಜ. ಆದರೆ ಬಿಟ್ಟದ್ದೆಲ್ಲ ಪಾಡ್‌ಕಾಸ್ಟಿನಲ್ಲಿ ಹಾಗೇ ಇದೆ, ಎಲ್ಲೂ ಹೋಗಿಲ್ಲ.

ಆ 620 ಪದಗಳನ್ನು ಆರಿಸಿ ಮೊದಲು ಬರೀ ಆಡಿಯೋದಲ್ಲಿ ಜೋಡಿಸಿ. ಚಿತ್ರದ ಯೋಚನೆ ಆಗ ಬೇಡ. ಕಣ್ಣು ಮುಚ್ಚಿ ಕೇಳಿದರೂ ಕತೆ ತಿಳಿಯಬೇಕು. ಗಜನಿ ಅಂದರೆ ಏನು, ಉಪ್ಪುನೀರು ಯಾಕೆ ಬರುತ್ತದೆ, ಕಗ್ಗ ಅದನ್ನು ಹೇಗೆ ತಾಳುತ್ತದೆ, ಈಗ ಯಾಕೆ ಕಡಿಮೆ ಆಗಿದೆ. ಇಷ್ಟು ಒಂದರ ಹಿಂದೆ ಒಂದು ಬಂದರೆ ಸಾಕು. ನಿಮ್ಮ ಪ್ರಶ್ನೆಗಳನ್ನೆಲ್ಲ ತೆಗೆದಾಗ ನಡುವೆ ಸಂದಿ ಬೀಳುತ್ತದೆ. ಅಲ್ಲಿ ಮೂರು ನಾಲ್ಕು ಸಾಲು ನಿರೂಪಣೆ ಹಾಕಿ, ಪ್ರತಿ ಸಾಲೂ ಹದಿನೈದು ಪದದ ಒಳಗೆ. ಅಘನಾಶಿನಿ ಅಳಿವೆ 2024ರಲ್ಲಿ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಅನ್ನುವಂಥ ಮಾಹಿತಿಯನ್ನು ನಿರೂಪಣೆಗೂ ಹಾಕಬೇಡಿ. ನದಿಯ ಒಂದು ದೊಡ್ಡ ಶಾಟ್ ಮೇಲೆ ಒಂದು ಸಾಲು ಅಕ್ಷರ ಬಂದು ಹೋದರೆ ಸಾಕು.

ಮಾತು ಜೋಡಿಸುವಾಗ ಕನ್ನಡದ ಎರಡು ಗುಣ ನೆನಪಿಡಬೇಕು. ಹೊರಗಿನ ಪಾಠಗಳನ್ನು ನೋಡಿ ಎಡಿಟ್ ಕಲಿತವರು ಇಲ್ಲೇ ಎಡವುತ್ತಾರೆ.

ಒಂದು, ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಇಲ್ಲ" ಅನ್ನೋದೂ ಕೊನೆಗೇ ಬರುತ್ತದೆ. ಅಜ್ಜ "ಕಗ್ಗಕ್ಕೆ ಗೊಬ್ಬರ, ಔಷಧಿ ಯಾವ್ದೂ ಹಾಕೋದಿಲ್ಲ" ಅಂದರು ಅಂತ ಇಟ್ಟುಕೊಳ್ಳಿ. "ಗೊಬ್ಬರ" ಅನ್ನುವ ಪದಕ್ಕೆ ನೀವು ಗೊಬ್ಬರದ ಚೀಲ ತೋರಿಸಿದಿರಿ. ನೋಡುವವರು ಎರಡು ಸೆಕೆಂಡ್ "ಓ, ಗೊಬ್ಬರ ಹಾಕ್ತಾರೆ" ಅಂತಲೇ ತಿಳಿಯುತ್ತಾರೆ. ಆಮೇಲೆ "ಇಲ್ಲ" ಬರುತ್ತದೆ. ಕಿವಿ ಇಲ್ಲ ಅಂದರೂ ಕಣ್ಣಿನಲ್ಲಿ ಚೀಲವೇ ಉಳಿಯುತ್ತದೆ. ಇಂಥ ವಾಕ್ಯಕ್ಕೆ ಬರಿಗದ್ದೆ ತೋರಿಸಿ. ಅಥವಾ ಅಜ್ಜನ ಮುಖದಲ್ಲೇ ನಿಲ್ಲಿ. ಇಲ್ಲದ ವಸ್ತುವಿನ ಚಿತ್ರ ಯಾವತ್ತೂ ಹಾಕಬೇಡಿ.

ಎರಡನೆಯದು "ಅಂತೆ". "ಮೊದ್ಲು ಈ ಕಡೆ ಎಲ್ಲಾ ಕಗ್ಗವೇ ಇತ್ತಂತೆ" ಅಂದರೆ ಅಜ್ಜ ಕೇಳಿದ್ದನ್ನು ಹೇಳುತ್ತಿದ್ದಾರೆ. ಸಮಯ ಉಳಿಸಲು "ಅಂತೆ" ಕತ್ತರಿಸಿ "ಇತ್ತು" ಅನ್ನೋದಕ್ಕೆ ನಿಲ್ಲಿಸಿದರೆ ಅದು ಅವರು ಕಂಡದ್ದು ಅಂತಾಗುತ್ತದೆ. ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟ ಹಾಗೆ. "ಅನ್ನಿಸ್ತದೆ", "ಇರ್ಬೇಕು" ಇವೂ ಹಾಗೇ. ವಾಕ್ಯ ಉದ್ದ ಆಯಿತು ಅಂತ ಅನ್ನಿಸಿದರೆ ಪೂರ್ತಿ ವಾಕ್ಯವನ್ನೇ ಬಿಡಿ, ಬಾಲವನ್ನು ಕತ್ತರಿಸಬೇಡಿ. ಇನ್ನೊಂದು ತೊಂದರೆಯೂ ಇದೆ. "ಬಂದು", "ಹೋಗಿ", "ನೋಡಿ" ಇಂಥ ಪದಕ್ಕೆ ನಿಲ್ಲಿಸಿದರೆ ದನಿ ಮೇಲೆಯೇ ಉಳಿಯುತ್ತದೆ. ಕೇಳುವವರಿಗೆ ಮಾತು ಮುರಿದದ್ದು ಕೂಡಲೇ ತಿಳಿಯುತ್ತದೆ. ಅದರ ಮೇಲೆ ಎಷ್ಟು ಚಂದದ ಚಿತ್ರ ಹಾಕಿದರೂ ಮುಚ್ಚಿಕೊಳ್ಳುವುದಿಲ್ಲ.

ಕತ್ತರಿಸಿ ಸೇರಿಸುವ ಜಾಗ ಯಾವಾಗಲೂ ಉಸಿರಿನ ಹತ್ತಿರ ಇರಲಿ. ಎರಡು ತುಂಡಿನ ನಡುವೆ ಖಾಲಿ ಬಿಟ್ಟರೆ ಹಿನ್ನೆಲೆಯ ಸದ್ದು ಚಕ್ಕನೆ ಮಾಯವಾಗಿ ಗುಂಡಿ ಬಿದ್ದ ಹಾಗೆ ಕೇಳುತ್ತದೆ. ನಿಮ್ಮ ಮೂಲ ರೆಕಾರ್ಡಿಂಗ್‌ನಲ್ಲಿ ಯಾರೂ ಮಾತಾಡದ ಐದಾರು ಸೆಕೆಂಡ್ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಫ್ಯಾನಿನ ಸದ್ದೋ, ಹೊರಗಿನ ಕಾಗೆಯೋ ಇರುವ ತುಂಡು. ಅದನ್ನು ತೆಗೆದು ಸಂದಿಗಳಲ್ಲಿ ಹಾಸಿ.

ಈಗ ಕಟ್‌ಅವೇ ವಿಷಯ, ಅಂದರೆ ಮಾತು ನಡೆಯುತ್ತಿರುವಾಗ ಮುಖ ಬಿಟ್ಟು ಬೇರೆ ಚಿತ್ರ ತೋರಿಸುವುದು. ನಿಮ್ಮ ಮುಂದಿರುವ ದೊಡ್ಡ ಪ್ರಶ್ನೆ, ಅಜ್ಜ ಮಾತಾಡುತ್ತಿರುವ ದೃಶ್ಯವೇ ಇಲ್ಲ ಅನ್ನೋದು. ಹೊಸದಾಗಿ ಕ್ಯಾಮೆರಾ ಮುಂದೆ ಕೂರಿಸಿ ಅದೇ ಪ್ರಶ್ನೆ ಕೇಳಬಹುದಾ? ಕೇಳಬಹುದು, ಆದರೆ ಎರಡನೇ ಸಲ ಹೇಳಿದ ಕತೆ ಹೆಚ್ಚಾಗಿ ಪಾಠ ಒಪ್ಪಿಸಿದ ಹಾಗೆ ಬರುತ್ತದೆ. ಮೊದಲ ಸಲದ ದನಿಯನ್ನೇ ಇಟ್ಟುಕೊಳ್ಳಿ. ಅವರು ಬೇರೆ ಏನೋ ಮಾತಾಡುತ್ತಿರುವ ಶಾಟ್ ಮೇಲೆ ಈ ಆಡಿಯೋ ಹಾಕುವ ಯೋಚನೆ ಮಾತ್ರ ಮಾಡಬೇಡಿ. ನೋಡುವವರ ಕಣ್ಣು ನೇರವಾಗಿ ತುಟಿಗೇ ಹೋಗುತ್ತದೆ. ತುಟಿ ಮತ್ತು ಮಾತು ಹೊಂದದಿದ್ದರೆ ಅವರು ಮಾತು ಕೇಳುವುದನ್ನೇ ಬಿಡುತ್ತಾರೆ.

ನಾನು ಮಾಡುವ ಉಪಾಯ ಒಂದಿದೆ. ಅಜ್ಜನ ಮನೆಗೆ ಹೋಗಿ, ಜಗುಲಿಯಲ್ಲಿ ಕೂರಿಸಿ, ಪಾಡ್‌ಕಾಸ್ಟನ್ನು ಅವರಿಗೇ ಕೇಳಿಸಿ. ಅವರು ಕೇಳುತ್ತಿರುವಾಗ ಮುಖವನ್ನು ಹತ್ತಿರದಿಂದ ಶೂಟ್ ಮಾಡಿ. ಬಾಯಿ ಮುಚ್ಚಿರುತ್ತದೆ. ಕಣ್ಣು ಮಾತ್ರ ತಮ್ಮದೇ ಕತೆಯ ಹಿಂದೆ ಹೋಗುತ್ತಿರುತ್ತದೆ. ನಗುವ ಕಡೆ ನಗುತ್ತಾರೆ, ದನಿ ಇಳಿದ ಕಡೆ ಅವರ ಮುಖವೂ ಇಳಿಯುತ್ತದೆ. ಅದೇ ಆಡಿಯೋ, ಅದೇ ಭಾವ. ಸುಳ್ಳು ಇಲ್ಲ. ಆರಿಸಿದ ಭಾಗಗಳನ್ನಷ್ಟೇ ಕೇಳಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಶಿರಸಿ ಕಡೆಯ ಒಬ್ಬ ಅಡಿಕೆ ತೋಟದ ಹಿರಿಯರ ಜೊತೆ ಹೀಗೆ ಮಾಡಿದಾಗ, ಅವರು ತಮ್ಮ ತಂದೆಯ ಮಾತು ಬಂದ ಕೂಡಲೇ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಇಡೀ ವಿಡಿಯೋದಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಶಾಟ್ ಸಿಗಲಿಲ್ಲ.

ಒಂದು ತುಂಡನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಮೇಲೆ ಕೊಟ್ಟ ಸಾಲಿನಿಂದ ಶುರುವಾಗುವ ಮಾತು ಹೀಗಿದೆ ಅಂತ ಇಟ್ಟುಕೊಳ್ಳೋಣ: "ಆ ವರ್ಷ ನೀರು ಇಲ್ಲಿವರೆಗೆ ಬಂತು ನೋಡಿ. ಎಂಟು ದಿನ ನಿಂತಿತ್ತು. ಬೇರೆ ಭತ್ತ ಎಲ್ಲ ಕೊಳೆತು ಹೋಯ್ತು. ಕಗ್ಗ ಮಾತ್ರ ಎದ್ದು ನಿಂತ್ತು. ಅಪ್ಪ ಅವತ್ತು ಊಟ ಮಾಡ್ಲಿಲ್ಲ." ಟ್ರಾನ್ಸ್‌ಕ್ರಿಪ್ಟಿನಲ್ಲಿ ಇಷ್ಟೇ. ಆಡಿಯೋದಲ್ಲಿ "ನಿಂತ್ತು" ಆದಮೇಲೆ ದೊಡ್ಡದೊಂದು ತಡೆ ಇದೆ. ಹಾಳೆಯಲ್ಲಿ ಅದಕ್ಕೆ ನೀವು ಗೆರೆ ಹಾಕಿದ್ದೀರಿ.

ಸ್ಕ್ರಿಪ್ಟ್ ಹಾಳೆಯನ್ನು ಎರಡು ಕಾಲಮ್ ಮಾಡಿ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು.

ಮೊದಲ ನಾಲ್ಕು ಸೆಕೆಂಡ್ ಬಲಗಡೆ ಮಾತಿಲ್ಲ. ಹಲಗೆ ಬಾಗಿಲಿನಿಂದ ನೀರು ನುಗ್ಗುವ ಸದ್ದು ಮಾತ್ರ. ಎಡಗಡೆ ಆ ಬಾಗಿಲೇ, ಹತ್ತಿರದಿಂದ. ಹಲಗೆಯ ಮೇಲಿನ ಪಾಚಿ, ಸಂದಿಯಲ್ಲಿ ನೊರೆ. ಶಾಟ್ ಬದಲಾಗುವ ಮೊದಲೇ ಅಜ್ಜನ ದನಿ ಶುರುವಾಗಲಿ: "ಆ ವರ್ಷ ನೀರು..." ಚಿತ್ರಕ್ಕಿಂತ ಮೊದಲು ದನಿ ಬಂದರೆ ನೋಡುವವರು ತಾವಾಗಿಯೇ ಮುಂದಕ್ಕೆ ಬಾಗುತ್ತಾರೆ.

"ಇಲ್ಲಿವರೆಗೆ" ಅನ್ನುವ ಪದಕ್ಕೆ ಅಜ್ಜನ ಕೈ. ನೀರು ನಿಜವಾಗಿ ಎಲ್ಲಿವರೆಗೆ ಬಂದಿತ್ತು ಅಂತ ಅವರನ್ನೇ ಕೇಳಿ. ಮನೆಯ ಕಂಬವೋ, ಏರಿಯ ಕಲ್ಲೋ, ಅಲ್ಲಿ ಕೈ ಇಡಿಸಿ ಶೂಟ್ ಮಾಡಿ. ಎಡಿಟ್‌ನಲ್ಲಿ ಆ ಕೈ ಪದಕ್ಕಿಂತ ಅರ್ಧ ಸೆಕೆಂಡ್ ಮೊದಲು ಬರಲಿ. ಪದದ ಜೊತೆಗೇ ಬಂದರೆ ಪಾಠದ ಕೋಲಿನ ಹಾಗೆ ಕಾಣುತ್ತದೆ, ತಡವಾದರೆ ಪದ ವ್ಯರ್ಥ.

"ಎಂಟು ದಿನ ನಿಂತಿತ್ತು" ಅನ್ನೋದಕ್ಕೆ ಕ್ಯಾಲೆಂಡರ್ ಗ್ರಾಫಿಕ್ಸ್ ಬೇಡ. ನಿಂತ ನೀರಿನ ಒಂದು ಅಗಲ ಶಾಟ್, ಅಲುಗದ್ದು. ಅದನ್ನೇ ಮುಂದಿನ ಸಾಲಿಗೂ ಎಳೆಯಿರಿ. "ಕೊಳೆತು ಹೋಯ್ತು" ಅನ್ನುವ ಮಾತಿಗೆ ಕೊಳೆತ ಭತ್ತ ನಿಮ್ಮ ಹತ್ತಿರ ಇಲ್ಲ. ಬೇರೆ ಎಲ್ಲಿಂದಲೋ ತರುವುದೂ ಬೇಡ. ಚಲಿಸದ ನೀರನ್ನೇ ನೋಡುತ್ತಾ ಕೇಳಿದರೆ ಮನಸ್ಸು ಉಳಿದದ್ದನ್ನು ತುಂಬಿಕೊಳ್ಳುತ್ತದೆ.

"ಕಗ್ಗ ಮಾತ್ರ" ಅನ್ನೋದಕ್ಕೆ ಅಜ್ಜನ ಅಂಗೈಯಲ್ಲಿ ಒಂದು ಹಿಡಿ ತೆನೆ. ಆಮೇಲೆ ಆ ತಡೆ. ಅದನ್ನು ಕತ್ತರಿಸಬೇಡಿ. ತಡೆ ಶುರುವಾಗುವಾಗಲೇ ಜಗುಲಿಯ ಮುಖಕ್ಕೆ ಬನ್ನಿ. "ಅಪ್ಪ ಅವತ್ತು ಊಟ ಮಾಡ್ಲಿಲ್ಲ." ಮಾತು ಮುಗಿದ ಮೇಲೂ ಮೂರು ಸೆಕೆಂಡ್ ಆ ಮುಖದಲ್ಲೇ ಇರಿ. ಇಲ್ಲಿ ಖಾಲಿ ಊಟದ ತಟ್ಟೆ ತೋರಿಸಬೇಕು ಅಂತ ನಿಮ್ಮಲ್ಲಿ ಒಬ್ಬರಾದರೂ ಹೇಳುತ್ತಾರೆ. ಒಪ್ಪಬೇಡಿ. ವಿಷಯ ವಸ್ತುವಿನದ್ದಾದರೆ ಕಟ್‌ಅವೇ, ಮನಸ್ಸಿನದ್ದಾದರೆ ಮುಖ. ಸಂಶಯ ಬಂದ ಕಡೆ ನಾನು ಮುಖದಲ್ಲೇ ನಿಲ್ಲುತ್ತೇನೆ.

ಇಷ್ಟಕ್ಕೆ ಸುಮಾರು ಮೂವತ್ತು ಸೆಕೆಂಡ್ ಆಯಿತು, ಶಾಟ್ ಐದು. ಸರಾಸರಿ ಒಂದಕ್ಕೆ 6 ಸೆಕೆಂಡ್. ಇದೇ ನಡಿಗೆಯಲ್ಲಿ 8 ನಿಮಿಷಕ್ಕೆ, ಅಂದರೆ 480 ಸೆಕೆಂಡಿಗೆ, 80 ಶಾಟ್ ಬೇಕು. ಶೂಟ್‌ಗೆ ಹೋಗುವ ಮೊದಲು ಎಡ ಕಾಲಮ್ ಮಾತ್ರ ಬೇರೆ ಹಾಳೆಗೆ ಇಳಿಸಿ, ಜಾಗದ ಪ್ರಕಾರ ಗುಂಪು ಮಾಡಿ: ಹಲಗೆ ಬಾಗಿಲು, ಏರಿ, ಜಗುಲಿ, ಕಣಜ. ಪ್ರತಿ ಶಾಟನ್ನೂ ಕನಿಷ್ಠ 15 ಸೆಕೆಂಡ್ ಅಲುಗಾಡಿಸದೆ ತೆಗೆಯಿರಿ. ಬಳಸುವುದು ಐದಾರು ಸೆಕೆಂಡ್ ಆದರೂ ಹಿಂದೆ ಮುಂದೆ ಜಾಗ ಬೇಕು. ಪ್ರತಿ ಜಾಗದ ಸದ್ದನ್ನು ಬೇರೆಯಾಗಿ ಒಂದು ನಿಮಿಷ ರೆಕಾರ್ಡ್ ಮಾಡಿ. ಮೈಕಿಗೆ ತುಪ್ಪಳದ ಕವರ್ ಹಾಕಿ, ಇಲ್ಲದಿದ್ದರೆ ಗಜನಿಯ ಗಾಳಿಯಲ್ಲಿ ಬರೀ ಗುರ್ ಅನ್ನುವ ಸದ್ದು ಸಿಗುತ್ತದೆ. ಎರಡು ದಿನ ಓಡಾಡಿದ ಮೇಲೂ 50 ಒಳ್ಳೆಯ ಶಾಟ್ ಮಾತ್ರ ಸಿಕ್ಕರೆ ವಿಡಿಯೋವನ್ನು 5 ನಿಮಿಷಕ್ಕೆ ಇಳಿಸಿ. ಅದೇ ಶಾಟ್ ಎರಡನೇ ಸಲ ಬಂದಾಗ ನೋಡುವವರಿಗೆ ಗೊತ್ತಾಗುತ್ತದೆ.

ಇಡೀ ವಿಡಿಯೋಗೆ ಒಂದು ದೊಡ್ಡ ದೃಶ್ಯ ಬೇಕು. ಕೇಳಿ ಅರ್ಥ ಆಗದ್ದು, ನೋಡಿದ ಕೂಡಲೇ ಅರ್ಥ ಆಗುವಂಥದ್ದು. ನಿಮಗೆ ಅದು ಊರಲ್ಲೇ ಇದೆ: ಭರತ ಮತ್ತು ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಹಲಗೆ ಬಾಗಿಲಿನ ಎದುರು ಟ್ರೈಪಾಡ್ ಇಡಿ. ಇಳಿತದಲ್ಲಿ ಒಂದು ಶಾಟ್ ತೆಗೆಯಿರಿ. ಟ್ರೈಪಾಡಿನ ಮೂರು ಕಾಲು ಊರಿದ ಜಾಗದಲ್ಲಿ ಮೂರು ಗೂಟ ಹೊಡೆದು, ಎತ್ತರ ಮತ್ತು ಲೆನ್ಸ್ ಬರೆದಿಟ್ಟುಕೊಂಡು ಮನೆಗೆ ಹೋಗಿ. ಭರತದ ಹೊತ್ತಿಗೆ ಮತ್ತೆ ಅದೇ ಜಾಗ, ಅದೇ ಫ್ರೇಮ್. ಎರಡನ್ನೂ ಒಂದರ ಮೇಲೊಂದು ಕರಗಿಸಿದರೆ ಅಜ್ಜ ನಾಲ್ಕು ನಿಮಿಷ ವಿವರಿಸಿದ್ದು ಎಂಟು ಸೆಕೆಂಡಿನಲ್ಲಿ ತಿಳಿಯುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿ, ನೀರಿನ ಏರಿಳಿತ ಆಗ ಹೆಚ್ಚು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ನೋಡಿದ ಸಮಯ ನಂಬಿ ಇವತ್ತು ಹೋಗಬೇಡಿ. ಸಮಯವನ್ನು ಅಜ್ಜನನ್ನೇ ಕೇಳಿ.

ಡ್ರೋನ್ ಶಾಟ್ ಒಂದು ಸಾಕು, ಗಜನಿ ಮತ್ತು ನದಿ ಒಟ್ಟಿಗೆ ಕಾಣಲು. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ, ಹಾರಿಸುವ ಮೊದಲು ನಿಮ್ಮ ಜಾಗದ ಬಣ್ಣ ನೋಡಿ. ಕಾರವಾರದ ಕಡೆ ನೌಕಾನೆಲೆ ಇರುವುದರಿಂದ ಅಲ್ಲಂತೂ ಸುಮ್ನೆ ಹಾರಿಸಲು ಹೋಗಬೇಡಿ.

ಈಗ ನನ್ನ ಒಂದು ಕಹಿ ಅನುಭವ. ಹಿಂದೊಮ್ಮೆ ಇಂಥದ್ದೇ ವಿಡಿಯೋ ಮಾಡುವಾಗ ಭತ್ತದ ಶಾಟ್ ಸಾಲಲಿಲ್ಲ. ಘಟ್ಟದ ಮೇಲಿನ ಒಂದು ಗದ್ದೆಯ ಹಸಿರು ಶಾಟ್ ನನ್ನ ಹತ್ತಿರ ಇತ್ತು, ಅದನ್ನೇ ಹಾಕಿದೆ. ಮಾತಾಡಿದ ಹಿರಿಯರಿಗೆ ತೋರಿಸಿದಾಗ ಅವರು ಮೊದಲು ಹೇಳಿದ್ದೇ, "ತಮಾ, ಇದು ನಮ್ಮ ಗದ್ದೆ ಅಲ್ಲ." ಕಗ್ಗ ಬೇರೆ ಭತ್ತಕ್ಕಿಂತ ಎತ್ತರ, ನೀರಲ್ಲಿ ನಿಲ್ಲುವ ರೀತಿಯೇ ಬೇರೆ. ಬೇಸಾಯ ಗೊತ್ತಿದ್ದವರು ಒಂದು ಸೆಕೆಂಡಿನಲ್ಲಿ ಹಿಡಿಯುತ್ತಾರೆ. ಆ ಒಂದು ಶಾಟಿನಿಂದ ಅವರಿಗೆ ಉಳಿದ ಎಲ್ಲದರ ಮೇಲೂ ನಂಬಿಕೆ ಹೋಯಿತು. ಅವತ್ತೇ ಅದನ್ನು ತೆಗೆದೆ, ವಿಡಿಯೋ ಒಂದು ನಿಮಿಷ ಚಿಕ್ಕದಾಯಿತು.

ಆದ್ದರಿಂದ ಋತುವಿನ ಲೆಕ್ಕ ಹಾಕಿ. ಕಗ್ಗ ಮಳೆಗಾಲದ ಬೆಳೆ. ಮೊಳಕೆ ಬರಿಸಿದ ಬೀಜ ಬಿತ್ತುವುದು ಮಳೆ ಶುರುವಾದಾಗ, ಕೊಯ್ಲು ಮಳೆ ಮುಗಿದ ಮೇಲೆ. ಕೊಯ್ಯುವಾಗ ತೆನೆ ಮಾತ್ರ ಕತ್ತರಿಸಿ ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿ, ಮೀನಿಗೆ ಆಹಾರ. ನೀವು ಬೇಸಿಗೆಯಲ್ಲಿ ಶೂಟ್‌ಗೆ ಹೋದರೆ ಸಿಗುವುದು ನೀರು ಮತ್ತು ಮೀನು ಹಿಡಿಯುವವರು, ತೆನೆ ಸಿಗದು. ಆಗ ಮನೆಯಲ್ಲಿ ಬೀಜಕ್ಕೆ ಇಟ್ಟ ಭತ್ತವನ್ನು ಅಜ್ಜ ಮೊರದಲ್ಲಿ ಕೇರುವ ಶಾಟ್ ತೆಗೆಯಿರಿ, ಮೇಲಿನ "ಕಗ್ಗ ಮಾತ್ರ" ಸಾಲಿಗೆ ಅದೇ ಸಾಕು. ಹಸಿರು ಗದ್ದೆ ಬೇಕೇ ಬೇಕು ಅಂದರೆ ಕಾಯಬೇಕು.

ಎಡಿಟ್ ಒಂದು ಹಂತಕ್ಕೆ ಬಂದ ಮೇಲೆ ಎರಡು ಪರೀಕ್ಷೆ ಮಾಡಿ. ಒಮ್ಮೆ ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಗಜನಿಯಲ್ಲಿ ಏನೋ ನಡೆಯುತ್ತಿದೆ, ನೀರು ಬರುತ್ತಿದೆ, ಹೋಗುತ್ತಿದೆ ಅಂತ ತಿಳಿಯಬೇಕು. ಸಂಬಂಧ ಇಲ್ಲದ ಫೋಟೋಗಳ ಸಾಲಿನ ಹಾಗೆ ಕಂಡರೆ ಎಡ ಕಾಲಮ್ ಮತ್ತೆ ಬರೆಯಿರಿ. ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಕತೆ ತಿಳಿಯಲಿ, ಆದರೆ ಒಂದು ಚೂರೂ ಕೊರತೆ ಅನ್ನಿಸದಿದ್ದರೆ ಮಾತು ಜಾಸ್ತಿ ಆಗಿದೆ ಅಂತ ಅರ್ಥ. ಚಿತ್ರ ತೋರಿಸುತ್ತಿರುವುದನ್ನೇ ಅಜ್ಜನೂ ಹೇಳುತ್ತಿದ್ದಾರೆ. ಅಂಥ ಸಾಲುಗಳನ್ನು ತೆಗೆದು ಆ ಜಾಗವನ್ನು ಸದ್ದಿಗೆ ಬಿಡಿ.

ಸಬ್‌ಟೈಟಲ್‌ನಲ್ಲಿ ಅಜ್ಜನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. "ನಿಂತ್ತು" ಅಂದರೆ "ನಿಂತ್ತು" ಅಂತಲೇ ಇರಲಿ. ಬೇರೆ ಜಿಲ್ಲೆಯವರಿಗೆ ತಿಳಿಯದ ಪದ ಬಂದರೆ ಅದರ ಅರ್ಥವನ್ನು ಪರದೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಕೊಡಿ.

ಎಲ್ಲಕ್ಕೂ ಕೊನೆಗೆ, ಹೊರಗೆ ಬಿಡುವ ಮೊದಲು ಲ್ಯಾಪ್‌ಟಾಪ್ ಹಿಡಿದು ಅಜ್ಜನ ಮನೆಗೆ ಹೋಗಿ. 54 ನಿಮಿಷ ಮಾತಾಡಿದವರು ಅವರು, 8 ನಿಮಿಷ ಆರಿಸಿದವರು ನೀವು. ಎರಡು ಕಡೆಯ ಮಾತನ್ನು ಸೇರಿಸಿದ ಜಾಗಗಳ ಪಟ್ಟಿ ಕೈಯಲ್ಲಿರಲಿ. ಆ ಜಾಗ ಬಂದಾಗ ಪರದೆ ನೋಡಬೇಡಿ, ಅವರ ಮುಖ ನೋಡಿ. ಹುಬ್ಬು ಗಂಟಿಕ್ಕಿದರೆ ನಿಲ್ಲಿಸಿ ಕೇಳಿ, ಅಲ್ಲಿ ಅವರು ಹೇಳಿದ್ದು ಬೇರೆ ಏನೋ ಇರುತ್ತದೆ. ಅವರ ಮನೆಯವರೂ ಪಕ್ಕದಲ್ಲಿ ಕೂತು ನೋಡಲಿ. ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅಲ್ಲೇ ಚರ್ಚೆ ಶುರುವಾಗುತ್ತದೆ. ಫೋನಿನಲ್ಲಿ ರೆಕಾರ್ಡರ್ ಹಾಕಿಟ್ಟುಕೊಂಡಿರಿ.